ಖಾಲಿ ಬಿಟ್ಟಲ್ಲಿ ಪಕ್ಕದ ಉತ್ತರ, ಟಿಕ್ ಇಲ್ಲದಲ್ಲಿ ‘ಹೌದು’: ಸ್ಕ್ಯಾನ್ ಮಾಡಿದ ಅರ್ಜಿಗಳ ದೋಷ ಹುಡುಕುವ ಕ್ರಮ

ಕಾಗದದ ಅರ್ಜಿಯನ್ನು ಸ್ಕ್ಯಾನ್ ಮಾಡಿ, ಚಿತ್ರದಲ್ಲಿರುವ ಅಕ್ಷರಗಳನ್ನು ಪಠ್ಯವಾಗಿಸುವ ಓಸಿಆರ್‌ನಿಂದ ಓದಿಸಿ, ಸಾಲಿಗೊಂದು ಕೀ, ಅದರ ಮುಂದೆ ಅದರ ವ್ಯಾಲ್ಯೂ ಎಂಬಂತೆ ಇಳಿಸುವ ಕೆಲಸದಲ್ಲಿ ಎರಡು ಬಗೆಯ ತಪ್ಪು ಬರುತ್ತದೆ. ಮೊದಲನೆಯದು ಕಣ್ಣಿಗೆ ಕಾಣುವಂಥದ್ದು. ಹೆಸರಿನ ಅಕ್ಷರ ಕೆಟ್ಟಿರುತ್ತದೆ, ಪಿನ್ ಕೋಡ್‌ನಲ್ಲಿ ಒಂದು ಅಂಕಿ ಜಾಸ್ತಿ ಇರುತ್ತದೆ. ನೋಡಿದವರು ಹಿಡಿದುಬಿಡುತ್ತಾರೆ. ಎರಡನೆಯದು ಹಾಗಲ್ಲ. ಸಾಲು ಅಚ್ಚುಕಟ್ಟಾಗಿಯೇ ಇರುತ್ತದೆ, ಆದರೆ ಅರ್ಜಿ ತುಂಬಿದವರು ಅದನ್ನು ಹೇಳಿಯೇ ಇರುವುದಿಲ್ಲ. ಈ ಎರಡನೇ ಬಗೆ ಹೆಚ್ಚಾಗಿ ಹುಟ್ಟುವುದು ಎರಡೇ ಕಡೆ: ಖಾಲಿ ಬಿಟ್ಟ ಜಾಗದಲ್ಲಿ ಮತ್ತು ಟಿಕ್ ಹಾಕುವ ಚೌಕದಲ್ಲಿ. ಈ ಬರಹ ಅವೆರಡರ ಬಗ್ಗೆಯೇ.

ಉದಾಹರಣೆಗೆ ಒಂದು ಗ್ರಂಥಾಲಯದ ಸದಸ್ಯತ್ವ ಅರ್ಜಿ ಇಟ್ಟುಕೊಳ್ಳೋಣ. ಅದರಲ್ಲಿ ಹೆಸರು, ಉದ್ಯೋಗ, ವಿದ್ಯಾರ್ಹತೆ, ಕೆಲಸದ ವಿಳಾಸ ಬರೆಯುವ ಜಾಗ ಇದೆ. ‘ಸದಸ್ಯತ್ವ’ ಎಂಬ ಪ್ರಶ್ನೆಗೆ ಮಾಸಿಕ, ವಾರ್ಷಿಕ, ಆಜೀವ ಎಂಬ ಮೂರು ಚೌಕ ಇವೆ. ಹಾಳೆಯ ಹಿಂಬದಿಯಲ್ಲಿ ತುರ್ತು ಸಂಪರ್ಕದ ವಿವರ.

## ಕೈ ಹಾಕುವ ಮೊದಲು

ಮೂಲ ಸ್ಕ್ಯಾನ್ ಫೈಲ್‌ಗೆ ಏನೂ ಮಾಡಬೇಡಿ. ತಿರುಗಿಸುವುದು, ಬೆಳಗಿಸುವುದು, ಕತ್ತರಿಸುವುದು ಎಲ್ಲವೂ ನಕಲಿನ ಮೇಲೆ. ಕಾಗದದ ಅರ್ಜಿಗಳನ್ನೂ ಸಾಲುಗಳು ಪೂರ್ತಿ ತಾಳೆಯಾಗುವವರೆಗೆ ವಿಲೇವಾರಿ ಮಾಡಬೇಡಿ. ಮುಂದೆ ಹೇಳುವ ಕೆಲವು ದೋಷಗಳಿಗೆ ಮರಳಿ ಸ್ಕ್ಯಾನ್ ಮಾಡುವುದು ಬಿಟ್ಟು ಬೇರೆ ದಾರಿ ಇಲ್ಲ.

ಅರ್ಜಿ ಎಂದರೆ ಇನ್ನೊಬ್ಬರ ಹುಟ್ಟಿದ ದಿನ, ವಿಳಾಸ, ಸಹಿ. ‘ಸುಮ್ನೆ ಒಂದು ಪರೀಕ್ಷೆ’ ಅಂತ ಅದನ್ನು ಯಾವುದೋ ಉಚಿತ ಆನ್‌ಲೈನ್ ಓಸಿಆರ್ ತಾಣಕ್ಕೆ ಏರಿಸಬಾರದು. ಪರೀಕ್ಷೆಗೆ ನೀವೇ ಸುಳ್ಳು ವಿವರ ತುಂಬಿದ ಅರ್ಜಿ ಸಾಕು. ಇನ್ನೊಬ್ಬರ ಸಹಾಯ ಕೇಳುವಾಗಲೂ ಅದನ್ನೇ ಕಳಿಸಿ.

ಯಾವ ಲಕ್ಷಣವೇ ಇರಲಿ, ಮೊದಲು ಮಾಡಬೇಕಾದ ಪರೀಕ್ಷೆ ಒಂದಿದೆ. ಇದಕ್ಕೆ ಖರ್ಚೇ ಇಲ್ಲ. ಏನೂ ತುಂಬದ ಒಂದು ಅರ್ಜಿಯನ್ನು ಎಂದಿನಂತೆ ಸ್ಕ್ಯಾನ್ ಮಾಡಿ, ಎಂದಿನ ದಾರಿಯಲ್ಲೇ ಪರಿವರ್ತಿಸಿ. ಎಲ್ಲ ಕೀಗಳೂ ಬರಬೇಕು, ಒಂದಕ್ಕೂ ವ್ಯಾಲ್ಯೂ ಇರಬಾರದು, ಒಂದು ಚೌಕವೂ ‘ಹೌದು’ ಆಗಬಾರದು. ಆದರೂ ಏನಾದರೂ ಬಂದರೆ ಅದು ಯಾರ ಕೈಬರಹವೂ ಅಲ್ಲ. ನಿಮ್ಮ ಅರ್ಜಿಯ ಅಚ್ಚಿನಿಂದ, ಸ್ಕ್ಯಾನರ್‌ನಿಂದ ಅಥವಾ ಪ್ರೋಗ್ರಾಂನಿಂದ ಬಂದದ್ದು. ಕೈಬರಹ ಚೆನ್ನಾಗಿಲ್ಲ, ಪೆನ್ನು ತೆಳು ಎಂಬ ಊಹೆಗಳೆಲ್ಲ ಅಲ್ಲಿಗೆ ಮುಗಿಯುತ್ತವೆ. ಎಷ್ಟೋ ಮಂದಿ ತುಂಬಿದ ಅರ್ಜಿಗಳ ಮೇಲೇ ಗಂಟೆಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ಖಾಲಿ ಅರ್ಜಿ ಕೆಲವೇ ನಿಮಿಷದಲ್ಲಿ ಅರ್ಧ ದಾರಿ ತೋರಿಸಿಬಿಡುತ್ತದೆ.

## ಲಕ್ಷಣ: ಖಾಲಿ ಬಿಟ್ಟ ಕಡೆ ಮುಂದಿನ ಪ್ರಶ್ನೆಯೇ ಉತ್ತರವಾಗಿ ಕೂತಿದೆ

ಅರ್ಜಿದಾರರು ಉದ್ಯೋಗದ ಜಾಗ ಖಾಲಿ ಬಿಟ್ಟಿದ್ದಾರೆ. ವಿದ್ಯಾರ್ಹತೆಗೆ ‘ಬಿಎ’ ಎಂದು ಬರೆದಿದ್ದಾರೆ. ಆದರೆ ಹೊರಗೆ ಬಂದ ಸಾಲುಗಳು ಹೀಗಿವೆ:

```
ಉದ್ಯೋಗ = ವಿದ್ಯಾರ್ಹತೆ: ಬಿಎ
ವಿದ್ಯಾರ್ಹತೆ = ಬಿಎ
```

ಮೊದಲು ಓಸಿಆರ್ ಕೊಟ್ಟ ಕಚ್ಚಾ ಪಠ್ಯವನ್ನು ತೆರೆದು ನೋಡಿ. ಅಲ್ಲಿ ‘ಉದ್ಯೋಗ:’ ಒಂದು ಸಾಲಿನಲ್ಲಿ, ‘ವಿದ್ಯಾರ್ಹತೆ: ಬಿಎ’ ಮುಂದಿನ ಸಾಲಿನಲ್ಲಿ ಸರಿಯಾಗಿಯೇ ಇದ್ದರೆ ಓಸಿಆರ್‌ನದು ತಪ್ಪಿಲ್ಲ. ಪಠ್ಯದಿಂದ ಉತ್ತರ ಎತ್ತಿಕೊಳ್ಳುವ ಪ್ರೋಗ್ರಾಂ ಸಾಲಿನಲ್ಲಿ ದೋಷ ಇದೆ. ಬಹುತೇಕ ಅದು ಹೀಗಿರುತ್ತದೆ:

```python
re.search(r"ಉದ್ಯೋಗ:\s*(.+)", text)
```

ನೋಡಲು ಏನೂ ತೊಂದರೆ ಇಲ್ಲ, ಅಲ್ವಾ? ತೊಂದರೆ ಇರುವುದು `\s` ಒಳಗೆ. ಅದು ಖಾಲಿ ಜಾಗವನ್ನಷ್ಟೇ ಅಲ್ಲ, ಸಾಲಿನ ಕೊನೆಯನ್ನೂ ನುಂಗುತ್ತದೆ. ಉತ್ತರ ಬರೆದಿದ್ದಾಗ ಇದು ಗೊತ್ತೇ ಆಗುವುದಿಲ್ಲ. ಜಾಗ ಖಾಲಿ ಇದ್ದಾಗ ಮಾತ್ರ `\s*` ಕೆಳಗಿನ ಸಾಲಿಗೆ ಇಳಿಯುತ್ತದೆ. ಕಡೇಪಕ್ಷ ಒಂದು ಅಕ್ಷರ ಬೇಕೇ ಬೇಕು ಎನ್ನುವ `.+` ಆ ಸಾಲನ್ನೇ ಎತ್ತಿಕೊಂಡು ಬರುತ್ತದೆ. ವಿದ್ಯಾರ್ಹತೆಯನ್ನು ಬೇರೆಯಾಗಿ ಹುಡುಕುವುದರಿಂದ ಅದೂ ಸರಿಯಾಗಿ ಸಿಗುತ್ತದೆ. ಹಾಗಾಗಿ ಕೀಗಳ ಲೆಕ್ಕ ಸರಿ ಬರುತ್ತದೆ, ಒಂದು ಸಾಲೂ ಖಾಲಿ ಇರುವುದಿಲ್ಲ, ಎಣಿಸಿ ನೋಡುವ ಪರೀಕ್ಷೆಗಳೆಲ್ಲ ಪಾಸಾಗುತ್ತವೆ. ಇದಕ್ಕೇ ಈ ದೋಷ ಬಹಳ ದಿನ ಅಡಗಿರುತ್ತದೆ.

ತಿದ್ದುಪಡಿ ಚಿಕ್ಕದು. ಸಾಲು ದಾಟದಂತೆ ಮಾಡಿ, ಖಾಲಿ ಉತ್ತರವನ್ನೂ ಒಪ್ಪಿಕೊಳ್ಳಿ:

```python
re.search(r"ಉದ್ಯೋಗ:[ \t]*(.*)", text)
```

ಕಚ್ಚಾ ಪಠ್ಯದಲ್ಲೇ ‘ಉದ್ಯೋಗ: ವಿದ್ಯಾರ್ಹತೆ: ಬಿಎ’ ಎಂದು ಒಂದೇ ಸಾಲಾಗಿ ಬಂದಿದ್ದರೆ ಕಥೆ ಬೇರೆ. ಅರ್ಜಿಯಲ್ಲಿ ಎರಡು ಕಾಲಂ ಇವೆ, ಅಕ್ಕಪಕ್ಕದ ಎರಡು ಪ್ರಶ್ನೆಗಳನ್ನು ಓಸಿಆರ್ ಒಂದೇ ಸಾಲು ಎಂದುಕೊಂಡಿದೆ ಎಂದರ್ಥ. ಇಲ್ಲಿ ಸುಲಭದ ಪರಿಹಾರ ಎಂದರೆ ಅರ್ಜಿಯ ಎಲ್ಲ ಲೇಬಲ್‌ಗಳ ಪಟ್ಟಿ ಇಟ್ಟುಕೊಂಡು, ಉತ್ತರ ಓದುತ್ತಾ ಹೋಗುವಾಗ ಇನ್ನೊಂದು ಲೇಬಲ್ ಎದುರಾದ ಕೂಡಲೇ ನಿಲ್ಲಿಸುವುದು. ಗಟ್ಟಿಯಾದ ಪರಿಹಾರ ಎಂದರೆ ಪಠ್ಯದ ಸಾಲನ್ನು ನಂಬುವುದನ್ನೇ ಬಿಟ್ಟು, ಪುಟದ ಮೇಲೆ ಪದ ಎಲ್ಲಿದೆ ಎಂಬುದನ್ನು ಬಳಸುವುದು. ಟೆಸೆರಾಕ್ಟ್ ಎಂಬ ಓಸಿಆರ್ ಪ್ರೋಗ್ರಾಂನಲ್ಲಾದರೆ `tsv` ಎಂದು ಕೇಳಿದರೆ ಪ್ರತಿ ಪದದ ಎಡ ಅಂಚು, ಮೇಲಂಚು, ಅಗಲ, ಎತ್ತರ ಸಿಗುತ್ತದೆ:

```
tesseract arji.png out -l kan+eng --psm 6 tsv
```

ಉದ್ಯೋಗದ ಉತ್ತರ ಬರೆಯುವ ಜಾಗ ಯಾವ ಚೌಕಟ್ಟಿನೊಳಗಿದೆ ಎಂದು ಒಮ್ಮೆ ಗುರುತಿಸಿಕೊಂಡರೆ, ಅದರೊಳಗೆ ಬಿದ್ದ ಪದಗಳು ಮಾತ್ರ ಉದ್ಯೋಗಕ್ಕೆ ಸೇರುತ್ತವೆ. ಒಂದು ಪದವೂ ಬೀಳದಿದ್ದರೆ ‘ಉದ್ಯೋಗ’ದ ಮುಂದೆ ಏನೂ ಬರುವುದಿಲ್ಲ. ನಮಗೆ ಬೇಕಿದ್ದದ್ದೂ ಅದೇ.

## ಲಕ್ಷಣ: ಖಾಲಿ ಜಾಗದಲ್ಲಿ ಚುಕ್ಕಿ, ಗೆರೆ, ಅರ್ಥವಿಲ್ಲದ ಅಂಕಿ

ಇದನ್ನು ಖಾಲಿ ಅರ್ಜಿಯ ಪರೀಕ್ಷೆಯೇ ಹಿಡಿಯುತ್ತದೆ. ‘ಕೆಲಸದ ವಿಳಾಸ’ದ ಮುಂದೆ ಉದ್ದಕ್ಕೆ ಚುಕ್ಕಿಗಳು ಬಂದಿದ್ದರೆ ಅದು ಬರೆಯಲೆಂದು ಹಾಕಿದ ಚುಕ್ಕಿ ಗೆರೆ. ದಿನಾಂಕದ ಮುಂದೆ `DD/MM/YYYY` ಎಂದೇ ಬಂದಿದ್ದರೆ ಅದು ತಿಳಿ ಬಣ್ಣದಲ್ಲಿ ಅಚ್ಚು ಹಾಕಿದ ಸೂಚನೆ. ಅಕ್ಷರಕ್ಕೊಂದು ಚೌಕ ಇರುವ ಕಡೆ `1`, `l`, `|` ಸಾಲಾಗಿ ಬಂದರೆ ಅವು ಚೌಕಗಳ ನಡುವಿನ ನಿಂತ ಗೆರೆಗಳು. ಇಲ್ಲಿ ಜಾಗ್ರತೆ ಬೇಕು. ತುಂಬಿದ ಅರ್ಜಿಯಲ್ಲಿ ಇದೇ ಗೆರೆಗಳು ನಿಜವಾದ ಅಂಕಿಗಳ ನಡುವೆ 1 ಆಗಿ ಸೇರಿಕೊಳ್ಳುತ್ತವೆ. 12 ಎಂದು ಬರೆದದ್ದು 112 ಆಗಬಹುದು. ಬರೀ ಗೆರೆ, ಚುಕ್ಕಿಗಳನ್ನು ಅಳಿಸುವ ಸೂತ್ರ ಹಾಕಿ ಸುಮ್ಮನಾದರೆ ಖಾಲಿ ಜಾಗವೇನೋ ಸರಿಹೋಗುತ್ತದೆ, ತುಂಬಿದ ಜಾಗದ ತಪ್ಪು ಹಾಗೇ ಉಳಿಯುತ್ತದೆ.

ಆದ್ದರಿಂದ ಗೆರೆಗಳನ್ನು ಪಠ್ಯವಾದ ಮೇಲೆ ಅಳಿಸುವುದಕ್ಕಿಂತ ಚಿತ್ರದಲ್ಲೇ ತೆಗೆಯುವುದು ಮೇಲು. ಅರ್ಜಿಯ ಗೆರೆಗಳು ತಿಳಿ ಬಣ್ಣದವಾಗಿದ್ದು ಜನ ಕಪ್ಪು ಅಥವಾ ನೀಲಿ ಪೆನ್ನಿನಲ್ಲಿ ಬರೆದಿದ್ದರೆ, ಕಲರ್ ಸ್ಕ್ಯಾನ್ ಮಾಡಿ ಆ ಬಣ್ಣವನ್ನು ಬಿಳಿ ಮಾಡಿಬಿಡಬಹುದು. ಹಲವು ಸ್ಕ್ಯಾನರ್‌ಗಳಲ್ಲಿ ಇದಕ್ಕೆ ಆಯ್ಕೆಯೇ ಇರುತ್ತದೆ. ಗೆರೆಯೂ ಕಪ್ಪು, ಶಾಯಿಯೂ ಕಪ್ಪು ಆದರೆ ಇದು ನಡೆಯುವುದಿಲ್ಲ. ಆಗ ಪ್ರತಿ ಅಂಕಿಯ ಚೌಕವನ್ನು ಅಂಚು ಬಿಟ್ಟು ಬೇರೆ ಬೇರೆ ಕತ್ತರಿಸಿ ಓದಿಸಬೇಕು.

ಖಾಲಿ ಅರ್ಜಿ ಸ್ವಚ್ಛವಾಗಿ ಬಂದು, ತುಂಬಿದ ಅರ್ಜಿಗಳ ಖಾಲಿ ಜಾಗದಲ್ಲಿ ಮಾತ್ರ ಚಿಲ್ಲರೆ ಅಕ್ಷರಗಳು ಕಂಡರೆ ಕಾಗದದ ಹಿಂಬದಿ ನೋಡಿ. ತೆಳು ಕಾಗದದಲ್ಲಿ ಹಿಂದಿನ ಪುಟದ ಶಾಯಿ ಮುಂದಕ್ಕೆ ಇಣುಕುತ್ತದೆ. ಫ್ಲಾಟ್‌ಬೆಡ್ ಸ್ಕ್ಯಾನರ್ ಆಗಿದ್ದರೆ ಕಾಗದದ ಬೆನ್ನಿಗೆ ಒಂದು ಕಪ್ಪು ಹಾಳೆ ಇಟ್ಟು ಮತ್ತೆ ಸ್ಕ್ಯಾನ್ ಮಾಡಿ. ಇಣುಕುವುದು ಬಹಳ ಮಟ್ಟಿಗೆ ನಿಲ್ಲುತ್ತದೆ.

## ಲಕ್ಷಣ: ಬರೆದಿದ್ದಾರೆ, ಆದರೂ ಸಾಲು ಖಾಲಿ

ನನ್ನ ಪ್ರಕಾರ ಇಡೀ ಕೆಲಸದಲ್ಲಿ ಅತಿ ಕೆಟ್ಟ ದೋಷ ಇದು. ಕಾರಣವೂ ಸರಳ. ‘ಉದ್ಯೋಗ = ’ ಎಂದು ಬಂದ ಸಾಲು ಮೂರು ಬೇರೆ ಸಂಗತಿಗಳನ್ನು ಹೇಳುತ್ತಿರಬಹುದು. ಅವರು ಬರೆದಿಲ್ಲ. ಬರೆದಿದ್ದಾರೆ, ಓದಲು ಆಗಲಿಲ್ಲ. ಆ ಜಾಗವೇ ಪುಟದಲ್ಲಿ ಸಿಗಲಿಲ್ಲ. ಮೂರಕ್ಕೂ ಒಂದೇ ಖಾಲಿ ಸಾಲು ಬರೆದರೆ ಮುಂದಿನವರಿಗೆ ಬೇರ್ಪಡಿಸಲು ಯಾವ ದಾರಿಯೂ ಉಳಿಯುವುದಿಲ್ಲ. ‘ನೀವು ಉದ್ಯೋಗ ತಿಳಿಸಿಲ್ಲ’ ಎಂಬ ಪತ್ರ, ತಿಳಿಸಿದವರ ಮನೆಗೇ ಹೋಗುತ್ತದೆ.

ಮೂರಕ್ಕೂ ಬೇರೆ ಬೇರೆ ಗುರುತು ಇಡಿ. ನಾನು ಇಷ್ಟಪಡುವ ರೂಪ ಹೀಗೆ:

```
ಉದ್ಯೋಗ = 
ವಿದ್ಯಾರ್ಹತೆ = ಬಿಎ
ಕೆಲಸದ ವಿಳಾಸ = #ಓದಲಾಗಲಿಲ್ಲ
ತುರ್ತು ಸಂಪರ್ಕ = #ಸಿಗಲಿಲ್ಲ
ಸದಸ್ಯತ್ವ.ಮಾಸಿಕ = ಇಲ್ಲ
ಸದಸ್ಯತ್ವ.ವಾರ್ಷಿಕ = ಹೌದು
ಸದಸ್ಯತ್ವ.ಆಜೀವ = ಇಲ್ಲ
```

ಇಲ್ಲಿ ಎರಡು ನಿಯಮ ಇವೆ. ಉತ್ತರ ಇರಲಿ, ಬಿಡಲಿ, ಅರ್ಜಿಯಲ್ಲಿರುವ ಪ್ರತಿ ಕೀಯೂ ಪ್ರತಿ ಸಲ ಬರಲೇಬೇಕು. ಮತ್ತು ಖಾಲಿ ಎಂದು ಬರೆಯುವ ಮೊದಲು ಆ ಜಾಗ ನಿಜಕ್ಕೂ ಖಾಲಿಯೇ ಎಂದು ಚಿತ್ರವನ್ನೇ ಕೇಳಬೇಕು. ಓಸಿಆರ್ ಏನೂ ಕೊಡಲಿಲ್ಲ ಎಂಬುದು ಸಾಕ್ಷಿ ಅಲ್ಲ. ಉತ್ತರದ ಚೌಕಟ್ಟಿನೊಳಗೆ ಎಷ್ಟು ಕಪ್ಪು ಪಿಕ್ಸೆಲ್ ಇವೆ ಎಂದು ಎಣಿಸಿ, ಖಾಲಿ ಅರ್ಜಿಯ ಅದೇ ಜಾಗದ ಎಣಿಕೆಯ ಜೊತೆ ಹೋಲಿಸಿ. ಎರಡೂ ಹತ್ತಿರ ಇದ್ದರೆ ಖಾಲಿ. ಶಾಯಿ ಇದೆ, ಪಠ್ಯ ಇಲ್ಲ ಎಂದಾದರೆ `#ಓದಲಾಗಲಿಲ್ಲ`.

ಇನ್ನು ಶಾಯಿ ಇದ್ದೂ ಯಾಕೆ ಓದಲಾಗಲಿಲ್ಲ? ಮೊದಲು ಸ್ಕ್ಯಾನ್ ಎಷ್ಟು ಒತ್ತಾಗಿದೆ ನೋಡಿ. ಪಿಡಿಎಫ್ ಆದರೆ ಈ ಆದೇಶದ ಉತ್ತರದಲ್ಲಿ `x-ppi`, `y-ppi` ಎಂಬ ಕಾಲಂಗಳಿವೆ:

```
pdfimages -list arji.pdf
```

ಅಲ್ಲಿ ಇಂಚಿಗೆ 300 ಪಿಕ್ಸೆಲ್, ಅಂದರೆ 300 ಡಿಪಿಐ ಆಸುಪಾಸು ಇರಬೇಕು. 100, 150 ಇದ್ದರೆ ಮರಳಿ ಸ್ಕ್ಯಾನ್ ಮಾಡಿ. ಇರುವ ಚಿತ್ರವನ್ನೇ ಹಿಗ್ಗಿಸಿದರೆ ಪಿಕ್ಸೆಲ್ ಹೆಚ್ಚಾಗುತ್ತದೆ, ಕಳೆದುಹೋದ ವಿವರ ಮರಳಿ ಬರುವುದಿಲ್ಲ. 300 ಇದ್ದೂ ತೆಳು ಪೆನ್ಸಿಲ್ ಬರಹ ಮಾಯವಾಗಿದ್ದರೆ ಸ್ಕ್ಯಾನರ್ ‘ಕಪ್ಪು-ಬಿಳಿ’ ಕ್ರಮದಲ್ಲಿ ಇರಬಹುದು. ಅದು ಬೂದು ಬಣ್ಣವನ್ನು ಅಲ್ಲೇ ಬಿಳಿ ಎಂದು ತೀರ್ಮಾನಿಸಿ ಬಿಸಾಡುತ್ತದೆ. ಗ್ರೇಸ್ಕೇಲ್‌ಗೆ ಬದಲಿಸಿ.

ಇವೆಲ್ಲ ಸರಿಯಿದ್ದೂ ಓದುತ್ತಿಲ್ಲ ಎಂದರೆ ಅದು ಕೈಬರಹ. ಟೆಸೆರಾಕ್ಟ್ ಅಚ್ಚಿನ ಅಕ್ಷರಕ್ಕೆಂದು ತಯಾರಾದದ್ದು. ಕೂಡಿಸಿ ಬರೆದ ಕೈಬರಹ ಅದರ ಕೈಗೆ ಸಿಗುವುದಿಲ್ಲ. ಸೆಟ್ಟಿಂಗ್ ಬದಲಿಸುತ್ತಾ ಕೂರಬೇಡಿ. ಆ ಜಾಗಗಳನ್ನು ಕತ್ತರಿಸಿ ಒಬ್ಬರ ಕಣ್ಣ ಮುಂದೆ ಇಡಿ, ಅವರು ಟೈಪ್ ಮಾಡಲಿ.

## ಲಕ್ಷಣ: ಯಾವ ಚೌಕ ನೋಡಿದರೂ ‘ಹೌದು’, ಅಥವಾ ಯಾವುದೂ ‘ಹೌದು’ ಅಲ್ಲ

ಮೊದಲು ಒಂದು ವಿಷಯ. ಟಿಕ್ ಚೌಕವನ್ನು ಓಸಿಆರ್‌ನಿಂದ ಓದಿಸುತ್ತಿದ್ದರೆ ಅದನ್ನು ಬಿಡಿ. ಓಸಿಆರ್ ಚೌಕವನ್ನೂ ಅಕ್ಷರ ಎಂದೇ ನೋಡುತ್ತದೆ. ಖಾಲಿ ಚೌಕ `O`, `0`, `[]` ಆಗುತ್ತದೆ. ಟಿಕ್ ಇರುವ ಚೌಕ `M`, `Z`, `&` ಹೀಗೆ ಏನೇನೋ ಆಗುತ್ತದೆ. ಮುಂದಿನ ಸಲ ಅದೇ ಚೌಕ ಇನ್ನೊಂದಾಗುತ್ತದೆ. ಇವನ್ನೆಲ್ಲ ಪಟ್ಟಿ ಮಾಡಿ ‘M ಬಂದರೆ ಹೌದು’ ಎಂದು ಬರೆಯುತ್ತಾ ಹೋದರೆ ಮುಗಿಯುವ ಕೆಲಸ ಅಲ್ಲ. ಚೌಕದೊಳಗೆ ಶಾಯಿ ಎಷ್ಟಿದೆ ಎಂದು ಅಳೆಯುವುದೇ ಸರಿ.

ಅಳೆಯುತ್ತಿದ್ದೂ ಎಲ್ಲವೂ ‘ಹೌದು’ ಆಗುತ್ತಿದ್ದರೆ ಚೌಕದ ಅಂಚನ್ನೂ ಸೇರಿಸಿ ಎಣಿಸುತ್ತಿದ್ದೀರಿ. ಇದನ್ನು ಲೆಕ್ಕ ಹಾಕಿಯೇ ನೋಡೋಣ. 300 ಡಿಪಿಐ ಎಂದರೆ ಒಂದು ಮಿಲಿಮೀಟರಿಗೆ ಸುಮಾರು 12 ಪಿಕ್ಸೆಲ್. 4 ಮಿ.ಮೀ. ಚೌಕ 47 ಪಿಕ್ಸೆಲ್ ಅಗಲ, ಅಷ್ಟೇ ಎತ್ತರ. ಒಟ್ಟು 2209 ಪಿಕ್ಸೆಲ್. ಅದರ ಅಂಚಿನ ಗೆರೆ 4 ಪಿಕ್ಸೆಲ್ ದಪ್ಪ ಇದ್ದರೆ ಗೆರೆಗೇ 688 ಪಿಕ್ಸೆಲ್ ಹೋಗುತ್ತದೆ. ಅಂದರೆ ಯಾರೂ ಮುಟ್ಟದ ಚೌಕ ಕೂಡ 31 ಶೇಕಡ ಕಪ್ಪು! ‘20 ಶೇಕಡಕ್ಕಿಂತ ಜಾಸ್ತಿ ಇದ್ದರೆ ಟಿಕ್’ ಎಂಬ ನಿಯಮ ಇಟ್ಟರೆ ಎಲ್ಲವೂ ಟಿಕ್ ಆಗದೆ ಇನ್ನೇನಾಗುತ್ತದೆ?

ಅಂಚು ಬಿಟ್ಟು ಒಳಭಾಗ ಮಾತ್ರ ಎಣಿಸಿ. ಈ ಅಳತೆಯ ಚೌಕಕ್ಕೆ ಪ್ರತಿ ಬದಿಯಲ್ಲಿ 8 ಪಿಕ್ಸೆಲ್ ಬಿಟ್ಟರೆ ಗೆರೆಯೂ ಹೋಗುತ್ತದೆ, ಸ್ಕ್ಯಾನ್ ಸ್ವಲ್ಪ ಅತ್ತಿತ್ತ ಆಗಿದ್ದರೂ ನಡೆಯುತ್ತದೆ:

```python
m = 8
inner = img[y+m:y+h-m, x+m:x+w-m]
ink = (inner < 128).mean()
```

ಉಳಿಯುವುದು 31 × 31, ಅಂದರೆ 961 ಪಿಕ್ಸೆಲ್. ಬಾಲ್‌ಪೆನ್ನಿನ ಗೆರೆ 6 ಪಿಕ್ಸೆಲ್ ದಪ್ಪ, ಒಳಗೆ ಬಿದ್ದ ಟಿಕ್ 40 ಪಿಕ್ಸೆಲ್ ಉದ್ದ ಎಂದುಕೊಂಡರೆ ಸುಮಾರು 240 ಪಿಕ್ಸೆಲ್, ಅಂದರೆ 25 ಶೇಕಡ. ಖಾಲಿ ಚೌಕ ಸೊನ್ನೆಯ ಹತ್ತಿರ. ಈಗ ನಡುವೆ ಒಳ್ಳೆಯ ಅಂತರ ಬಂತು.

ಆ ಅಂತರದಲ್ಲಿ ಎಲ್ಲಿ ಗೆರೆ ಎಳೆಯಬೇಕು? ಯಾರೋ ಹೇಳಿದ ಸಂಖ್ಯೆ ಬೇಡ. ನಿಮ್ಮ ಒಂದು ಕಟ್ಟಿನ ಎಲ್ಲ ಚೌಕಗಳ `ink` ಬೆಲೆಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ ನೋಡಿ. ಕೆಳಗೆ ಒಂದು ಗುಂಪು, ಮೇಲೆ ಒಂದು ಗುಂಪು, ನಡುವೆ ಬಯಲು ಕಾಣಬೇಕು. ಉದಾಹರಣೆಗೆ ಖಾಲಿ ಚೌಕಗಳೆಲ್ಲ 0.02ರ ಕೆಳಗೆ, ಟಿಕ್ ಆದವು 0.09ರ ಮೇಲೆ ಇವೆ ಎಂದುಕೊಳ್ಳಿ. 0.03ಕ್ಕಿಂತ ಕಡಿಮೆ ‘ಇಲ್ಲ’, 0.08ಕ್ಕಿಂತ ಜಾಸ್ತಿ ‘ಹೌದು’, ನಡುವೆ ಬಿದ್ದದ್ದು ಮನುಷ್ಯರಿಗೆ. ಒಂದೇ ಗೆರೆ ಎಳೆದು ಎಲ್ಲವನ್ನೂ ಎರಡು ಪಾಲು ಮಾಡುವ ಆಸೆ ಬೇಡ. ತೆಳು ಪೆನ್ಸಿಲ್ ಟಿಕ್, ಮೂಲೆಯಲ್ಲಿ ತಾಗಿದ ಪೆನ್ನು, ಬಿದ್ದ ಕಲೆ, ಇವೆಲ್ಲ ಇರುವುದು ಆ ನಡುವಿನ ಜಾಗದಲ್ಲೇ.

ಎರಡು ಗುಂಪೇ ಕಾಣುತ್ತಿಲ್ಲ, ಬೆಲೆಗಳು ಒಂದೇ ಸಮನೆ ಹರಡಿವೆ ಎಂದರೆ ನೀವು ಅಳೆಯುತ್ತಿರುವುದು ಚೌಕವನ್ನೇ ಅಲ್ಲ. ಮುಂದಿನ ಭಾಗಕ್ಕೆ ಹೋಗಿ.

## ಲಕ್ಷಣ: ಎಡಗಡೆ ಸರಿ, ಬಲಗಡೆ ತಪ್ಪು. ಮೇಲೆ ಸರಿ, ಕೆಳಗೆ ತಪ್ಪು

ಚೌಕ ಎಲ್ಲಿದೆ ಎಂದು ಮೊದಲೇ ಗುರುತಿಸಿಟ್ಟ ಜಾಗಕ್ಕೂ ಈ ಪುಟದಲ್ಲಿ ಅದು ನಿಜವಾಗಿ ಇರುವ ಜಾಗಕ್ಕೂ ಹೊಂದಿಕೆ ತಪ್ಪಿದಾಗ ಹೀಗಾಗುತ್ತದೆ. ಗುರುತಿಸಿದ ಚೌಕಟ್ಟುಗಳನ್ನು ಕೆಂಪು ಗೆರೆಯಲ್ಲಿ ಪುಟದ ಚಿತ್ರದ ಮೇಲೆ ಬರೆದು ನೋಡಿ. ತಪ್ಪು ಯಾವ ದಿಕ್ಕಿಗೆ ಬೆಳೆಯುತ್ತಿದೆ ಎಂಬುದೇ ಕಾರಣ ಹೇಳುತ್ತದೆ.

ಎಲ್ಲ ಕಡೆ ಒಂದೇ ಅಳತೆಯಷ್ಟು ಸರಿದಿದ್ದರೆ ಕಾಗದವನ್ನು ಸ್ಕ್ಯಾನರ್‌ನಲ್ಲಿ ಸ್ವಲ್ಪ ಸರಿಸಿ ಇಟ್ಟಿದ್ದಾರೆ ಅಷ್ಟೆ. ಎಡದಿಂದ ಬಲಕ್ಕೆ ಹೋದಂತೆ ಕೆಂಪು ಗೆರೆ ಮೇಲಕ್ಕೋ ಕೆಳಕ್ಕೋ ದೂರವಾಗುತ್ತಾ ಹೋದರೆ ಪುಟ ಓರೆಯಾಗಿದೆ. ಇದನ್ನು ಹಗುರವಾಗಿ ನೋಡಬೇಡಿ. ಎ4 ಪುಟ 300 ಡಿಪಿಐನಲ್ಲಿ 2480 ಪಿಕ್ಸೆಲ್ ಅಗಲ. ಒಂದೇ ಒಂದು ಡಿಗ್ರಿ ಓರೆಯಾದರೆ ಬಲ ತುದಿಗೆ ಹೋಗುವಷ್ಟರಲ್ಲಿ 43 ಪಿಕ್ಸೆಲ್ ವ್ಯತ್ಯಾಸ ಬರುತ್ತದೆ. ನಮ್ಮ ಚೌಕದ ಎತ್ತರ 47! ಕಣ್ಣಿಗೆ ನೆಟ್ಟಗೇ ಕಾಣುವ ಪುಟದಲ್ಲಿ ಬಲಗಡೆಯ ಚೌಕ ಹೆಚ್ಚುಕಡಿಮೆ ಪೂರ್ತಿ ತಪ್ಪಿಹೋಗಿರುತ್ತದೆ. ಇಮೇಜ್‌ಮ್ಯಾಜಿಕ್ ಇದ್ದರೆ ಓರೆ ತಿದ್ದುವುದು ಒಂದು ಸಾಲಿನ ಕೆಲಸ:

```
magick arji.png -deskew 40% nette.png
```

ಮೇಲಿನಿಂದ ಕೆಳಕ್ಕೆ ಬಂದಂತೆ ಅಂತರ ಬೆಳೆದರೆ ಅಳತೆ ಬದಲಾಗಿದೆ. ಯಾರೋ ಅರ್ಜಿಯನ್ನು ‘ಪುಟಕ್ಕೆ ಹೊಂದಿಸು’ ಎಂಬ ಆಯ್ಕೆಯಲ್ಲಿ ಮುದ್ರಿಸಿರುತ್ತಾರೆ. ಪುಟ 3 ಶೇಕಡ ಕುಗ್ಗಿದರೂ ಕೆಳತುದಿಗೆ 105 ಪಿಕ್ಸೆಲ್ ತಪ್ಪುತ್ತದೆ, ಎರಡು ಚೌಕಕ್ಕಿಂತ ಜಾಸ್ತಿ. ಇದಕ್ಕೆ ಓರೆ ತಿದ್ದಿ ಪ್ರಯೋಜನ ಇಲ್ಲ. ಅರ್ಜಿಯ ನಾಲ್ಕು ಮೂಲೆಗಳ ಬಳಿ ಬದಲಾಗದ ಗುರುತುಗಳನ್ನು ಹುಡುಕಿ, ಆ ನಾಲ್ಕನ್ನೂ ಖಾಲಿ ಅರ್ಜಿಯ ಅದೇ ಗುರುತುಗಳ ಮೇಲೆ ಕೂರಿಸಬೇಕು. ಓಪನ್‌ಸಿವಿಯಲ್ಲಿ `getPerspectiveTransform` ಮತ್ತು `warpPerspective` ಇದೇ ಕೆಲಸ ಮಾಡುತ್ತವೆ. ಮೊಬೈಲ್‌ನಲ್ಲಿ ತೆಗೆದ ಫೋಟೋಗೂ ಇದೇ ಮದ್ದು. ಆದರೆ ಕಾಗದ ಮಡಿಚಿ ಉಬ್ಬಿದ್ದರೆ ನಾಲ್ಕು ಮೂಲೆ ಸರಿಹೋದರೂ ನಡುವಿನ ಸಾಲು ಸೊಟ್ಟಗೇ ಉಳಿಯುತ್ತದೆ. ಅಂಥದ್ದನ್ನು ಸಪಾಟು ಮಾಡಿ ಸ್ಕ್ಯಾನರ್‌ಗೇ ಇಡಿ.

## ಲಕ್ಷಣ: ಟಿಕ್ ಸಿಕ್ಕಿದೆ, ಆದರೆ ಪಕ್ಕದ ಆಯ್ಕೆಗೆ ಸೇರಿದೆ

‘ವಾರ್ಷಿಕ’ಕ್ಕೆ ಹಾಕಿದ ಟಿಕ್ ‘ಮಾಸಿಕ’ಕ್ಕೆ ಹೋಗಿದೆ. ಇಡೀ ಕಟ್ಟಿನ ಲೆಕ್ಕ ತೆಗೆದರೆ ‘ಆಜೀವ’ ಒಂದೂ ಇಲ್ಲ. ಸಾಲಿನ ಕೊನೆಯ ಅಥವಾ ಮೊದಲ ಆಯ್ಕೆ ಯಾವ ಅರ್ಜಿಯಲ್ಲೂ ಬರುತ್ತಿಲ್ಲ ಎಂದರೆ ಈ ದೋಷದ ಸಂಶಯ ಪಡಬೇಕು.

ಒಂದೇ ಸಾಲಿನಲ್ಲಿ ‘ಚೌಕ, ಮಾಸಿಕ, ಚೌಕ, ವಾರ್ಷಿಕ, ಚೌಕ, ಆಜೀವ’ ಎಂದಿದ್ದಾಗ ‘ಮಾಸಿಕ’ ಎಂಬ ಪದಕ್ಕೆ ಎಡಗಡೆಯೂ ಚೌಕ, ಬಲಗಡೆಯೂ ಚೌಕ. ಪ್ರೋಗ್ರಾಂ ಹತ್ತಿರದ ಚೌಕವನ್ನು ಹಿಡಿಯುತ್ತದೆ. ಅಚ್ಚಿನಲ್ಲಿ ಅಂತರ ಸ್ವಲ್ಪ ಹೆಚ್ಚುಕಮ್ಮಿ ಇದ್ದರೆ ಬಲಗಡೆಯದೇ ಹತ್ತಿರ ಆಗಿಬಿಡುತ್ತದೆ. ಹತ್ತಿರ ಯಾವುದು ಎಂದು ಪದಪದಕ್ಕೂ ಕೇಳುವ ಬದಲು ಸಾಲಿನ ಎರಡು ತುದಿ ನೋಡಿ. ಸಾಲು ಚೌಕದಿಂದ ಶುರುವಾದರೆ ಚೌಕಗಳೆಲ್ಲ ತಮ್ಮ ಬಲಗಡೆಯ ಪದಕ್ಕೆ ಸೇರಿದವು. ಪದದಿಂದ ಶುರುವಾಗಿ ಚೌಕದಲ್ಲಿ ಮುಗಿದರೆ ಎಡಗಡೆಯ ಪದಕ್ಕೆ. ಒಂದೇ ಅರ್ಜಿಯಲ್ಲಿ ಎರಡೂ ಬಗೆ ಇರುವುದುಂಟು, ಆದ್ದರಿಂದ ಪ್ರಶ್ನೆಗೊಂದರಂತೆ ತೀರ್ಮಾನಿಸಿ ಬರೆದಿಟ್ಟುಕೊಳ್ಳಿ.

ಇದನ್ನು ಪರೀಕ್ಷಿಸಲು ಪ್ರತಿ ಪ್ರಶ್ನೆಯ ಕೊನೆಯ ಆಯ್ಕೆಗೆ ಮಾತ್ರ ಟಿಕ್ ಹಾಕಿದ ಒಂದು ಅರ್ಜಿ, ಮೊದಲ ಆಯ್ಕೆಗೆ ಮಾತ್ರ ಟಿಕ್ ಹಾಕಿದ ಇನ್ನೊಂದು ಅರ್ಜಿ ಸಾಕು.

## ಲಕ್ಷಣ: ಒಂದನ್ನೇ ಆರಿಸಬೇಕಾದ ಕಡೆ ಎರಡು ‘ಹೌದು’

ಚಿತ್ರ ತೆರೆದು ಕಣ್ಣಾರೆ ನೋಡಿ. ಮೂರು ಸಾಧ್ಯತೆಗಳಿವೆ. ಉದ್ದ ಬಾಲದ ಟಿಕ್ ಪಕ್ಕದ ಚೌಕದೊಳಗೆ ನುಗ್ಗಿರಬಹುದು. ಆಗ ಒಂದು ಬೆಲೆ ದೊಡ್ಡದು, ಇನ್ನೊಂದು ತೀರಾ ಚಿಕ್ಕದು ಇರುತ್ತದೆ. ಅಥವಾ ಅರ್ಜಿದಾರರು ಮೊದಲು ಒಂದಕ್ಕೆ ಟಿಕ್ ಹಾಕಿ, ಅದನ್ನು ಗೀಚಿ ಹೊಡೆದು, ಇನ್ನೊಂದಕ್ಕೆ ಹಾಕಿರಬಹುದು. ಆಗ ಶಾಯಿ ಜಾಸ್ತಿ ಇರುವುದೇ ಅವರಿಗೆ ಬೇಡವಾದ ಚೌಕ! ‘ಹೆಚ್ಚು ಶಾಯಿ ಇರುವುದನ್ನು ಆರಿಸು’ ಎಂಬ ನಿಯಮ ಇಲ್ಲಿ ಸರಿಯಾಗಿ ಉಲ್ಟಾ ಉತ್ತರ ಕೊಡುತ್ತದೆ. ಎರಡು ‘ಹೌದು’ ಬಂದರೆ ಪ್ರೋಗ್ರಾಂ ಒಂದನ್ನು ಆರಿಸಬಾರದು. ಎರಡನ್ನೂ ಹಾಗೇ ಬರೆದು ನೋಡಲು ಕಳಿಸಬೇಕು.

ಮೂರನೆಯದು ಅರ್ಜಿಯ ಮೇಲೇ ಬರೆದಿರುತ್ತದೆ: ‘ಅನ್ವಯಿಸದ್ದನ್ನು ಹೊಡೆದುಹಾಕಿ’. ಇಂಥ ಅರ್ಜಿಯಲ್ಲಿ ಶಾಯಿ ಬಿದ್ದದ್ದು ‘ಇಲ್ಲ’, ಶಾಯಿ ಬೀಳದ್ದು ‘ಹೌದು’. ಮೂರು ಆಯ್ಕೆಯಲ್ಲಿ ಎರಡನ್ನು ಹೊಡೆದುಹಾಕಿದ್ದರೆ ಅಳತೆಗೆ ಎರಡು ‘ಹೌದು’ ಕಾಣುವುದು ಸಹಜ. ಅಳತೆ ಸರಿಯೇ ಇದೆ, ಅರ್ಥ ಮಾತ್ರ ತಿರುಗಿಸಬೇಕು. ‘ನನಗೆ ಇಮೇಲ್ ಬೇಡ’ ಎಂಬಂಥ ನಕಾರದ ಪ್ರಶ್ನೆಗಳಲ್ಲೂ ಹೀಗೆ ಎಡವಟ್ಟಾಗುತ್ತದೆ. ಕೀಯನ್ನು ‘ಇಮೇಲ್’ ಎಂದು ಚಿಕ್ಕದು ಮಾಡಬೇಡಿ. ‘ಇಮೇಲ್ ಬೇಡ = ಹೌದು’ ಎಂದು ಪ್ರಶ್ನೆಯ ಮಾತಿನಲ್ಲೇ ಇಡಿ.

## ಲಕ್ಷಣ: ಕೆಲವು ಅರ್ಜಿಗಳಲ್ಲಿ ಹಿಂಬದಿಯ ಕೀಗಳೆಲ್ಲ `#ಸಿಗಲಿಲ್ಲ`

ಸ್ಕ್ಯಾನರ್‌ನ ‘ಖಾಲಿ ಪುಟ ಬಿಟ್ಟುಬಿಡು’ ಎಂಬ ಆಯ್ಕೆ ನೋಡಿ. ತುರ್ತು ಸಂಪರ್ಕ ತುಂಬದವರ ಹಿಂಬದಿಯಲ್ಲಿ ನಾಲ್ಕು ತೆಳು ಗೆರೆ ಬಿಟ್ಟರೆ ಏನೂ ಇರುವುದಿಲ್ಲ. ಸ್ಕ್ಯಾನರ್ ಅದನ್ನು ಖಾಲಿ ಹಾಳೆ ಎಂದು ತೆಗೆದುಹಾಕುತ್ತದೆ. ಪುಟಗಳ ಲೆಕ್ಕ ತಪ್ಪಿ, ಅಲ್ಲಿಂದ ಮುಂದೆ ಒಬ್ಬರ ಹಿಂಬದಿ ಇನ್ನೊಬ್ಬರ ಮುಂಬದಿಗೆ ಅಂಟಿಕೊಳ್ಳುವ ಅಪಾಯ ಇದೆ. ಆ ಆಯ್ಕೆಯನ್ನು ಆಫ್ ಮಾಡಿ. ಕಟ್ಟಿನಲ್ಲಿರುವ ಹಾಳೆಗಳ ಎರಡರಷ್ಟು ಪುಟ ಫೈಲ್‌ನಲ್ಲಿ ಇದೆಯೇ ಎಂದು ಪ್ರತಿ ಸಲ ಎಣಿಸಿ.

ಪುಟ ಇದೆ, ಒಂದೆರಡು ಕೀ ಮಾತ್ರ ಸಿಗುತ್ತಿಲ್ಲ, ಕಣ್ಣಿಗೆ ಲೇಬಲ್ ಸರಿಯಾಗಿಯೇ ಕಾಣುತ್ತದೆ ಎಂದರೆ ಅಕ್ಷರದ ಒಳಗಿನ ಕೋಡ್ ನೋಡಬೇಕು. ‘ೊ’ ಎಂಬ ಸ್ವರಚಿಹ್ನೆಯನ್ನು ಒಂದೇ ಕೋಡ್ ಆಗಿಯೂ ಎರಡು ಕೋಡ್ ಸೇರಿಸಿಯೂ ಬರೆಯಬಹುದು. ನೋಡಲು ಒಂದೇ, ಹೋಲಿಸಿದರೆ ಬೇರೆ. ಹೋಲಿಸುವ ಮೊದಲು ಎರಡೂ ಕಡೆ `unicodedata.normalize("NFC", s)` ಮಾಡಿ, ಕಾಣದ `U+200C`, `U+200D` ತೆಗೆದುಬಿಡಿ. ಅನುಸ್ವಾರ ‘ಂ’ ಮತ್ತು ಕನ್ನಡದ ಸೊನ್ನೆ ‘೦’ ಅದಲುಬದಲಾಗಿದ್ದರೆ ಈ ಉಪಾಯ ಸಾಲದು. ಅವು ನಿಜಕ್ಕೂ ಬೇರೆ ಅಕ್ಷರಗಳು, ಅದಕ್ಕೆ ಬೇರೆ ನಿಯಮವೇ ಬೇಕು.

## ಎಲ್ಲಿ ನಿಲ್ಲಿಸಬೇಕು

ಒಂದು ದೋಷವಿದೆ, ಅದನ್ನು ಪ್ರೋಗ್ರಾಂನಿಂದ ಹಿಡಿಯಲು ಆಗುವುದಿಲ್ಲ. 2013ರಲ್ಲಿ ಜರ್ಮನಿಯ ಕಂಪ್ಯೂಟರ್ ವಿಜ್ಞಾನಿ ಡೇವಿಡ್ ಕ್ರಿಸೆಲ್, ಕೆಲವು ಜೆರಾಕ್ಸ್ ವರ್ಕ್‌ಸೆಂಟರ್ ಯಂತ್ರಗಳ ಸ್ಕ್ಯಾನ್‌ನಲ್ಲಿ ಅಂಕಿಗಳೇ ಬದಲಾಗುತ್ತಿರುವುದನ್ನು ತೋರಿಸಿದರು. 6 ಇದ್ದ ಕಡೆ ಸ್ವಚ್ಛವಾದ 8 ಬಂದಿತ್ತು. ಫೈಲ್ ಚಿಕ್ಕದು ಮಾಡಲು ಬಳಸುವ ಜೆಬಿಐಜಿ2 ಎಂಬ ವಿಧಾನ, ಒಂದೇ ಥರ ಕಾಣುವ ಅಕ್ಷರಗಳಿಗೆ ಒಂದೇ ಚಿತ್ರ ಬಳಸುತ್ತಿತ್ತು. ಕಾಗದ ಮತ್ತು ಸ್ಕ್ಯಾನ್ ಪಕ್ಕಪಕ್ಕ ಇಟ್ಟಾಗ ಅಂಕಿ ಬೇರೆ ಬೇರೆ ಕಂಡರೆ, ಮಸುಕಿಲ್ಲದೆ ಸ್ಪಷ್ಟವಾಗಿಯೇ ಬೇರೆ ಇದ್ದರೆ, ಅಲ್ಲೇ ನಿಲ್ಲಿಸಿ. `pdfimages -list` ಉತ್ತರದ `enc` ಕಾಲಂನಲ್ಲಿ `jbig2` ಇದೆಯೇ ನೋಡಿ. ಅದು ಇದ್ದ ಮಾತ್ರಕ್ಕೆ ತಪ್ಪಾಗಿದೆ ಎಂದಲ್ಲ, ಏಕೆಂದರೆ ಜೆಬಿಐಜಿ2ಗೆ ಏನನ್ನೂ ಬದಲಿಸದ ಕ್ರಮವೂ ಇದೆ. ಆದರೆ ಅಂಕಿ ಬದಲಾದದ್ದು ಖಚಿತವಾದರೆ ಆ ಕಟ್ಟಿನ ಯಾವ ಸಾಲನ್ನೂ ನಂಬುವಂತಿಲ್ಲ. ಯಂತ್ರ ನೋಡಿಕೊಳ್ಳುವವರನ್ನು ಕರೆಸಿ ಕಂಪ್ರೆಷನ್ ಬದಲಿಸಿ, ಕಾಗದದಿಂದ ಮತ್ತೆ ಶುರು ಮಾಡಬೇಕು.

ಇನ್ನೊಂದು ಸಂದರ್ಭ ಲೆಕ್ಕಾಚಾರದ್ದು. ನಡುವಿನ ಪಾಲಿಗೆ ಬಿದ್ದು ಮನುಷ್ಯರಿಗೆ ಹೋಗುವ ಚೌಕಗಳು ಕಟ್ಟಿನಿಂದ ಕಟ್ಟಿಗೆ ಹೆಚ್ಚುತ್ತಿದ್ದರೆ ಮಿತಿಯ ಸಂಖ್ಯೆಗಳನ್ನು ತಿರುಚಬೇಡಿ. ಅರ್ಜಿಯ ಅಚ್ಚು ಬದಲಾಗಿರಬಹುದು, ಸ್ಕ್ಯಾನರ್ ಗಾಜು ಕೊಳೆಯಾಗಿರಬಹುದು. ಫೀಡರ್ ಇರುವ ಸ್ಕ್ಯಾನರ್‌ನಲ್ಲಿ ಎಲ್ಲ ಪುಟಗಳ ಒಂದೇ ಜಾಗದಲ್ಲಿ ಮೇಲಿನಿಂದ ಕೆಳಗೆ ತೆಳುವಾದ ನಿಂತ ಗೆರೆ ಕಂಡರೆ ಅದು ಗಾಜಿನ ಮೇಲಿನ ಧೂಳಿನ ಕಣ. ಯಂತ್ರ ಆಫ್ ಮಾಡಿ, ನಾರು ಬಿಡದ ಬಟ್ಟೆಯಿಂದ ಒರೆಸಿ, ಖಾಲಿ ಅರ್ಜಿಯ ಪರೀಕ್ಷೆ ಮತ್ತೆ ಮಾಡಿ.

ಒಪ್ಪಿಗೆ, ಆರೋಗ್ಯ, ಹಣಕ್ಕೆ ಸಂಬಂಧಿಸಿದ ಚೌಕಗಳಿಗೆ ಮಾತ್ರ ಎಷ್ಟು ನಿಖರ ಬಂದರೂ ಯಂತ್ರದ ತೀರ್ಮಾನವೊಂದನ್ನೇ ಇಟ್ಟುಕೊಳ್ಳಬೇಡಿ. ಆ ಚೌಕದ ಚಿತ್ರವನ್ನು ಕತ್ತರಿಸಿ ಸಾಲಿನ ಜೊತೆಗೇ ಉಳಿಸಿ, ಇಬ್ಬರು ಬೇರೆ ಬೇರೆಯಾಗಿ ನೋಡಲಿ. ಇಬ್ಬರ ಉತ್ತರ ಹೊಂದದಿದ್ದರೆ ಅರ್ಜಿ ಕೊಟ್ಟವರನ್ನೇ ಕೇಳಿ.